ಇಸ್ಪೇಟು ರಾಣಿ

“ಎಡಗೈಯಿಂದ, ಮಗಾ. ಬಲಗೈ ಲೆಕ್ಕ ಮಾಡ್ತದೆ,” ಎಂದರು ಚಂದ್ರಾವತಿಯಮ್ಮ.

ಸುಮಿತ್ರ ಚಾಪೆಯ ಮೇಲಿದ್ದ ಇಸ್ಪೀಟ್ ಕಟ್ಟನ್ನು ಎಡಗೈಯಿಂದ ಮೂರು ಪಾಲು ಮಾಡಿದಳು. ಮೂರನೆಯದು ವಾಲಿ ಎರಡು ಎಲೆ ಜಾರಿದವು. ಅತ್ತೆ ಅವನ್ನು ಮುಖ ನೋಡದೆ ಹಾಗೆಯೇ ಒಳಗೆ ಸೇರಿಸಿದರು. ಹೊರಗೆ ಕೊಚ್ಚಿ ಹತ್ತಿರದ ಎಡಪ್ಪಳ್ಳಿಯ ರಸ್ತೆಯಲ್ಲಿ ಆಲುವಾ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಮೇ ತಿಂಗಳ ಮಧ್ಯಾಹ್ನ, ಗೋಡೆಯೂ ಬೆವರುವ ಸೆಕೆ. ದೇವರ ಗೂಡಿನಲ್ಲಿ ಮಧೂರು ಗಣಪತಿಯ ಪಟದ ಮುಂದೆ ದೀಪ ಅಲುಗದೆ ಉರಿಯುತ್ತಿತ್ತು. ದೀಪ ಹಚ್ಚದೆ ಚಂದ್ರಾವತಿಯಮ್ಮ ಎಂದೂ ಎಲೆ ಮುಟ್ಟಿದವರಲ್ಲ.

ಬಾಗಿಲ ಬಳಿ ಕಾಲು ಚಾಚಿ ಕುಳಿತಿದ್ದ ದಿನಕರ ನಕ್ಕ. ಅವನು ಚಂದ್ರಾವತಿಯಮ್ಮನ ಮೈದುನನ ಮಗ, ಕಳಮಶ್ಶೇರಿಯ ಕಾರ್ಖಾನೆಯಲ್ಲಿ ಕೆಲಸ.

“ದೊಡ್ಡಮ್ಮ, ಸರಕಾರ ಕೆಲಸದ ಆರ್ಡರ್ ಕಳಿಸಿಯಾಗಿದೆ. ಇನ್ನು ಗುಲಾಮನ ಹತ್ತಿರ ಎಂತ ಅಪ್ಪಣೆ ಕೇಳುದು?”

“ನೀನು ಮದುವೆಗೆ ಮೊದಲು ಕುಸುಮಾವತಿಯ ಜಾತಕ ಸಾಲದೆ ಇದೇ ಎಲೆ ನೋಡಿಸಿದ್ದು ನೆನಪುಂಟಾ?”

“ಉಂಟು. ಸೌಮ್ಯ ಸ್ವಭಾವ ಅಂತ ಹೇಳಿದ್ರಿ. ಅಂದಿನಿಂದ ನನಗೆ ಎಲೆಯಲ್ಲಿ ನಂಬಿಕೆ ಇಲ್ಲ.”

ಸುಮಿತ್ರ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಅವಳ ಗಂಡ, ಚಂದ್ರಾವತಿಯಮ್ಮನ ಒಬ್ಬನೇ ಮಗ ವಿಠಲ, ಕಸ್ಟಮ್ಸ್ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಕಳೆದ ಕಾರ್ತಿಕದಲ್ಲಿ ಕಾಮಾಲೆಯಿಂದ ತೀರಿಕೊಂಡಿದ್ದ. ಅಲ್ಲಿಂದೀಚೆಗೆ ಅತ್ತೆ ಸೊಸೆ ಇಬ್ಬರೇ. ಸೊಸೆ ಬೆಳಿಗ್ಗೆ ಹೆಣ್ಣುಮಕ್ಕಳ ಶಾಲೆಗೆ ಗಣಿತ ಹೇಳಲು ಹೋಗುವಳು; ಅತ್ತೆ ಅವಳು ಬರುವ ದಾರಿ ನೋಡುವರು. ತಿಂಗಳಿಗೊಮ್ಮೆ ದಿನಕರ ಬಂದು ಆಲುವಾ ಹೊಳೆಯ ದಡದಲ್ಲಿ ವಿಠಲನ ಮಾಸಿಕ ಶ್ರಾದ್ಧ ಮಾಡಿ, ಇಲ್ಲಿ ಊಟ ಮಾಡಿ ಹೋಗುವನು. ಇಂದೂ ಅದೇ ಊಟ ಮುಗಿಸಿ ಕುಳಿತಿದ್ದ.

ವಿಠಲ ಹೋಗುವ ಮೊದಲೇ ಸುಮಿತ್ರ ಬರೆದ ಪರೀಕ್ಷೆಯ ಫಲ ಈಗ ಬಂದಿತ್ತು. ತಿರುವನಂತಪುರದ ಸರಕಾರಿ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕಿ. ಜೂನ್ ಮೊದಲ ವಾರ ಸೇರಬೇಕು. ಸೇರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಅಲ್ಲಿ ಒಂಟಿ ಹೆಂಗಸರಿಗೆ ಪಟ್ಟಂನಲ್ಲಿ ಒಬ್ಬ ಟೀಚರಮ್ಮನ ಮನೆಯ ಕೋಣೆ ಸಿಗುವಂತಿತ್ತು. ಒಬ್ಬರಿಗೆ ಮಾತ್ರ. ಚಂದ್ರಾವತಿಯಮ್ಮನೂ ವರ್ಷಾಂತ್ಯದ ಕರ್ಮ ಮುಗಿಯುವವರೆಗೆ ಹೊಳೆ ಬಿಟ್ಟು ಬರುವವರಲ್ಲ. ಹೋಗಲೋ ಬೇಡವೋ ಎಂದು ಸುಮಿತ್ರ ಕೇಳಿದಾಗಲೆಲ್ಲ ಅತ್ತೆಯ ಉತ್ತರ ಒಂದೇ: “ನಿನಗೆ ಹೇಗೆ ತೋಚ್ತದೋ ಹಾಗೆ.” ಕೊನೆಗೆ ಅವಳು ಬೇಸತ್ತು ಹೇಳಿದ್ದಳು, “ನೀವು ಬಾಯಲ್ಲಿ ಹೇಳುದಿಲ್ಲ ಅತ್ತೆ. ಎಲೆಯಲ್ಲಾದರೂ ಹೇಳಿ.”

ಎಲೆ ನೋಡುವ ವಿದ್ಯೆ ಚಂದ್ರಾವತಿಯಮ್ಮನಿಗೆ ಯುದ್ಧದ ಕಾಲದಲ್ಲಿ ಬಂದದ್ದು. ಆಗ ಅವರು ಫೋರ್ಟ್ ಕೊಚ್ಚಿಯಲ್ಲಿದ್ದರು. ಪಕ್ಕದ ಮನೆಯ ಡಿಕ್ರೂಸ್ ಮದಾಮ್ಮ, ಹಡಗಿನಲ್ಲಿ ಹೋದ ಗಂಡನ ಸುದ್ದಿಗಾಗಿ ದಿನಾ ಎಲೆ ಹರಡುತ್ತಿದ್ದವಳು, ಇವರಿಗೂ ಕಲಿಸಿದಳು. ಎರಡರಿಂದ ಆರರವರೆಗಿನ ಎಲೆ ತೆಗೆದಿಡಬೇಕು. ಉಳಿದ ಮೂವತ್ತೆರಡೇ ಮಾತಾಡುವುವು. ಕೆಂಪು ಹೃದಯದ ಆಟೀನು ಮನೆಗೆ, ನಂಟಿಗೆ. ಮೂರೆಸಳಿನ ಕಳಾವರು ದುಡಿಮೆಗೆ, ಏಳಿಗೆಗೆ. ಡೈಮನ್ನು ದುಡ್ಡಿಗೆ, ಕಾಗದಕ್ಕೆ, ಪ್ರಯಾಣಕ್ಕೆ. ಕಪ್ಪು ಇಸ್ಪೇಟು ದುಃಖಕ್ಕೆ, ತಡೆಗೆ. ಎಲೆ ತಲೆಕೆಳಗಾಗಿ ಬಿದ್ದರೆ ಅರ್ಥವೂ ಮಗುಚುತ್ತದೆ. ಡೈಮನ್ನಿನ ತಲೆ ಯಾವುದು ಕಾಲು ಯಾವುದು ಎಂದು ತಿಳಿಯದ ಕಾರಣ ಒಂದು ಕೊನೆಗೆ ಪೆನ್ಸಿಲಿನ ಸಣ್ಣ ಚುಕ್ಕೆ ಇಡಬೇಕು. ಚುಕ್ಕೆ ಮೇಲಿದ್ದರೆ ನೆಟ್ಟಗೆ.

ಕೇಳುವವರಿಗೆ ಒಂದು ಎಲೆ ಮೊದಲೇ ಆರಿಸಿ ನಡುವೆ ಇಡುವುದು ಕ್ರಮ. ಚಂದ್ರಾವತಿಯಮ್ಮ ಆಗಲೇ ಆಟೀನ್ ರಾಣಿಯನ್ನು ಇಟ್ಟಿದ್ದರು. ಬಿಳಿ ಮೈಬಣ್ಣದ ಗೃಹಿಣಿಯ ಎಲೆ. ಸುಮಿತ್ರ ಸೊಸೆಯಾಗಿ ಬಂದ ದಿನದಿಂದ ಅವಳದು ಅದೇ.

“ಎಡಕ್ಕೆ ಬೀಳುದು ನಿನ್ನನ್ನು ಇಲ್ಲಿ ಹಿಡಿದದ್ದು. ಬಲಕ್ಕೆ ಬೀಳುದು ಅಲ್ಲಿ ಕರೆಯುದು. ಮೇಲೆ ಒಂದು, ಎರಡನ್ನೂ ಆಳುದು,” ಎಂದು ಹೇಳಿ ಅವರು ಎಡಕ್ಕೊಂದು ಬಲಕ್ಕೊಂದರಂತೆ ಎಲೆ ಮಗುಚತೊಡಗಿದರು.

ಎಡಕ್ಕೆ ಆಟೀನ್ ಹತ್ತು: ತುಂಬಿದ ಮನೆ. ಬಲಕ್ಕೆ ಕಳಾವರ್ ಏಳು: ಕೆಲಸದಲ್ಲಿ ಅಲ್ಪಸ್ವಲ್ಪ ಲಾಭ. ಎಡಕ್ಕೆ ಡೈಮನ್ ಏಳು: ಮಾತಿನ ಚುಚ್ಚು, ದೊಡ್ಡದಲ್ಲ. ಬಲಕ್ಕೆ ಇಸ್ಪೇಟ್ ಒಂಬತ್ತು. ದಿನಕರನೂ ಕತ್ತು ಚಾಚಿದ. ಅದಕ್ಕಿಂತ ಕೆಟ್ಟ ಎಲೆ ಕಟ್ಟಿನಲ್ಲೇ ಇಲ್ಲವೆಂದು ಅವನಿಗೂ ಗೊತ್ತು. ಎಡಕ್ಕೆ ಆಟೀನ್ ಎಕ್ಕ, ನೆಟ್ಟಗೆ: ಇದ್ದ ಮನೆ ಇದ್ದ ಹಾಗೆ. ಬಲಕ್ಕೆ ಇಸ್ಪೇಟ್ ಗುಲಾಮ: ವಿಳಂಬ, ಹೊಟ್ಟೆಕಿಚ್ಚಿನವರು.

ಚಂದ್ರಾವತಿಯಮ್ಮನ ಎದೆಯೊಳಗೆ ಏನೋ ತಣ್ಣಗಾಯಿತು. ತಾವು ಬಾಯಿಬಿಟ್ಟು ಹೇಳಲಾರದ್ದನ್ನು ಎಲೆಗಳೇ ಹೇಳಿದ್ದವು. ತಾವು ಸುಳ್ಳಾಡಲಿಲ್ಲ, ಒತ್ತಾಯ ಮಾಡಲಿಲ್ಲ. ಗಣಪತಿಯೇ ಅವಳನ್ನು ಉಳಿಸಿಕೊಟ್ಟ. ಅವರು ಏಳನೆಯ ಎಲೆಯನ್ನು ತೆಗೆದು ಮೇಲಿಟ್ಟರು.

ಇಸ್ಪೇಟ್ ರಾಣಿ.

“ಇದು ನಾನೇ,” ಎಂದರು, ದನಿಯಲ್ಲಿದ್ದ ಸಮಾಧಾನವನ್ನು ಮುಚ್ಚಲಾಗದೆ. “ಗಂಡನಿಲ್ಲದವಳ ಎಲೆ. ನಿನ್ನ ತಲೆಯ ಮೇಲೆ ನಾನೊಬ್ಬಳಿದ್ದೇನೆ ನೋಡು. ಇಲ್ಲೇ ಇರು ಅಂತ ಹೇಳ್ತದೆ, ಮಗಾ.”

ಸುಮಿತ್ರ ಆ ಕಪ್ಪು ರಾಣಿಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ಅತ್ತೆ, ಗಂಡ ಸತ್ತವಳು ಬೆಳ್ಳಗಿರಲಿ ಕಪ್ಪಗಿರಲಿ, ಅವಳಿಗೆ ಇಸ್ಪೇಟ್ ರಾಣಿಯೇ ಅಲ್ವಾ? ಮದಾಮ್ಮ ಹಾಗೆ ಹೇಳಿದ್ದಂತ ನೀವೇ ಹೇಳಿದ್ದು.”

“ಹೌದು.”

“ಹಾಗಾದರೆ ನಡುವೆ ಕೂತವಳು ಯಾರು?”

ಚಂದ್ರಾವತಿಯಮ್ಮ ಆಟೀನ್ ರಾಣಿಯನ್ನು ನೋಡಿದರು. ಕೈಯಲ್ಲಿ ಹೂ ಹಿಡಿದ ಕೆಂಪು ಸೀರೆಯವಳಂತೆ ಕಂಡಳು ಆಕೆ. ಆ ಎಲೆಯನ್ನು ಆರಿಸುವಾಗ ಅವರಿಗೆ ನಿಯಮ ಗೊತ್ತಿರಲಿಲ್ಲವೆಂದಲ್ಲ. ಕೈ ಇಸ್ಪೇಟಿನ ಕಡೆಗೆ ಹೋಗಲೊಪ್ಪಲಿಲ್ಲ, ಅಷ್ಟೇ. ಸೊಸೆಗೆ ಆ ಎಲೆ ಇಟ್ಟರೆ ಮಗ ಹೋದನೆಂದು ತಾವೇ ಬರೆದುಕೊಟ್ಟ ಹಾಗೆ. ತುಂಬಿದ ಮನೆ, ನೆಟ್ಟಗಿನ ಎಕ್ಕ, ಎಲ್ಲವೂ ಸರಿಯೇ. ಆದರೆ ಅದು ವಿಠಲನ ಹೆಂಡತಿಗೆ ಹೇಳಿದ ಮಾತು. ವಿಠಲನಿರುವ ಮನೆಯ ಮಾತು.

ದಿನಕರ ಕಾಲು ಮಡಚಿ ಕುಳಿತ.

“ತಪ್ಪಿದೆ,” ಎಂದರು ಚಂದ್ರಾವತಿಯಮ್ಮ. ಸೆರಗಿನಿಂದ ಮುಖ ಒರಸಿಕೊಂಡು ಎಲೆಗಳನ್ನು ಬಳಿದು ಒಟ್ಟು ಮಾಡಿದರು. ಒಂದೇ ಪ್ರಶ್ನೆಯನ್ನು ಒಂದು ದಿನಕ್ಕೆ ಎರಡು ಸಲ ಕೇಳಬಾರದೆಂದು ಮದಾಮ್ಮನ ಕಟ್ಟುನಿಟ್ಟು. ಆದರೆ ಸುಮಿತ್ರಳ ಪ್ರಶ್ನೆಯನ್ನು ಇನ್ನೂ ಕೇಳಿಯೇ ಇರಲಿಲ್ಲವಲ್ಲ.

“ಬಿಡಿ ಅತ್ತೆ. ಬೇಡ.”

“ಬೇಡ ಅಂದರೆ ಹೇಗೆ? ಕಲಸು.”

ಇಸ್ಪೇಟ್ ರಾಣಿಯನ್ನು ಸುಮಿತ್ರಳೇ ತೆಗೆದು ಚಾಪೆಯ ನಡುವೆ ಇಟ್ಟಳು. ಅಂಚು ನೇರವಾಗಿದೆಯೇ ಎಂದು ನೋಡಿ ಬೆರಳಿನಿಂದ ಸರಿಪಡಿಸಿದಳು, ಕರಿಹಲಗೆಯ ಮೇಲೆ ಗೆರೆ ಎಳೆಯುವವಳಂತೆ. ಕಲಸಿದಳು. ಎಡಗೈಯಿಂದ ಮೂರು ಪಾಲು ಮಾಡಿದಳು.

ಎಡಕ್ಕೆ ಬಿದ್ದ ಮೊದಲ ಎಲೆ ಆಟೀನ್ ರಾಜ. ಮೂವರಿಗೂ ಗೊತ್ತಿತ್ತು, ಅದು ವಿಠಲನ ಎಲೆ. ಬಲಕ್ಕೆ ಕಳಾವರ್ ಎಕ್ಕ: ದುಡಿಮೆಯಲ್ಲಿ ಏಳಿಗೆ. ಎಡಕ್ಕೆ ಇಸ್ಪೇಟ್ ಎಂಟು: ಕಾಯಿಲೆ, ಆಗಿಹೋದದ್ದು. ಬಲಕ್ಕೆ ಕಳಾವರ್ ಎಂಟು, ತಲೆಕೆಳಗು: ಮೊದಲಿಗೆ ಕಷ್ಟ, ಗುರುತಿಲ್ಲದ ಜನ. ಎಡಕ್ಕೆ ಮತ್ತೆ ಆಟೀನ್ ಎಕ್ಕ ಬಂತು. ಈ ಸಲ ಹೃದಯದ ಚೂಪು ತುದಿ ಮೇಲಕ್ಕಿತ್ತು.

“ಮನೆ ಬದಲು,” ಎಂದರು ಅತ್ತೆ.

ಬಲಗಡೆಯ ಕೊನೆಯ ಎಲೆ ಡೈಮನ್ ಹತ್ತು. ದೂರದ ಪ್ರಯಾಣ. ನೆಟ್ಟಗಿದ್ದರೆ ಒಳ್ಳೆಯದಾಗುತ್ತದೆ, ಮಗುಚಿದ್ದರೆ ಹೋದವರು ಬರಿಗೈಯಲ್ಲಿ ತಿರುಗಿ ಬರುತ್ತಾರೆ. ಹಳೆಯ ಪೆನ್ಸಿಲ್ ಚುಕ್ಕೆ ಮಾಸಿ, ಗೊತ್ತಿದ್ದವರ ಕಣ್ಣಿಗೆ ಮಾತ್ರ ಕಾಣುವಷ್ಟಾಗಿತ್ತು. ಅದು ಮೇಲಿನ ಮೂಲೆಯಲ್ಲಿತ್ತು, ಚಂದ್ರಾವತಿಯಮ್ಮನ ಹೆಬ್ಬೆರಳಿನ ಅಡಿಯಲ್ಲಿ.

ಅವರು ಹೆಬ್ಬೆರಳು ತೆಗೆಯಲಿಲ್ಲ.

ಒಂದು ಮಾತು ಸಾಕಿತ್ತು. ‘ಮಗುಚಿದೆ’ ಎಂದರೆ ಸೊಸೆ ನಂಬುತ್ತಾಳೆ. ಸಂಜೆ ಕಾಗದ ಬರೆದು ಕೆಲಸ ಬೇಡವೆನ್ನುತ್ತಾಳೆ. ಶಾಲೆ ತೆರೆದ ಮೇಲೆ ದಿನಾ ನಾಲ್ಕೂವರೆಗೆ ಗೇಟಿನ ಸದ್ದಾಗುತ್ತದೆ. ಚಪ್ಪಲಿ ಬಿಡುವ ಸದ್ದು. ‘ಕಾಫಿ ಉಂಟಾ ಅತ್ತೆ?’ ಅವರು ಕಣ್ಣೆತ್ತಿದರು. ಗೂಡಿನಲ್ಲಿ ದೀಪ; ಇತ್ತ ಸುಮಿತ್ರ ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಗಟ್ಟಿಯಾಗಿ ಒತ್ತಿಕೊಂಡಿದ್ದಳು. ವಿಠಲನ ಪರೀಕ್ಷೆಯ ಫಲ ಬರುವ ದಿನ ಅವನೂ ಹೀಗೆಯೇ ಕೂರುತ್ತಿದ್ದ. ಇವಳಿಗೆ ಈ ಕೆಲಸ ಎಷ್ಟು ಬೇಕಾಗಿದೆ ಎಂದು ಚಂದ್ರಾವತಿಯಮ್ಮ ಈವರೆಗೆ ಕೇಳಿರಲಿಲ್ಲ.

“ಅತ್ತೆ?”

ಅವರು ಹೆಬ್ಬೆರಳು ಸರಿಸಿದರು. “ಚುಕ್ಕೆ ಮೇಲೆ ಉಂಟು. ನನ್ನ ಕಣ್ಣಿನ ಮೇಲೆ ಭರವಸೆ ಬೇಡ. ದಿನಕರ, ನೀನೂ ನೋಡು.”

ದಿನಕರ ಬಗ್ಗಿ, ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ. “ಮೇಲೇ ಉಂಟು ದೊಡ್ಡಮ್ಮ.”

“ಹಾಗಾದರೆ ಹೋಗುದೇ.”

ಸುಮಿತ್ರಳಿಗೆ ಅಳು ಬಂತು. “ಮಾಸಿಕ? ನೀವೊಬ್ಬರೇ…”

“ಮಾಸಿಕ ಮಾಡುದು ದಿನಕರ. ಹೊಳೆ ಎಲ್ಲಿಗೂ ಹೋಗುದಿಲ್ಲ.”

“ದೊಡ್ಡಮ್ಮ ನಮ್ಮಲ್ಲಿಗೆ ಬರಲಿ, ಅತ್ತಿಗೆ,” ಎಂದ ದಿನಕರ. “ಕುಸುಮಾವತಿ ಎಷ್ಟು ಸೌಮ್ಯ ಅಂತ ಹತ್ತಿರದಿಂದ ನೋಡ್ಲಿ.”

ಅತ್ತೆ ಅವನನ್ನು ಗದರಿಸಿ ಕೊನೆಯ ಎಲೆ ಮಗುಚಿದರು. ಡೈಮನ್ ಎಂಟು, ನೆಟ್ಟಗೆ. ಚಿಕ್ಕ ಓಡಾಟ, ಹೋಗಿ ಬರುವುದು.

“ಕೊಲ್ಲಂವರೆಗೆ ರೈಲು ಆಗಿದೆಯಲ್ಲ ಈಗ, ತಿರುವನಂತಪುರ ಎಂತ ದೂರ,” ಎಂದರು. “ಕೋಣೆ ನೋಡದೆ ನಿನ್ನನ್ನು ಬಿಡುವವಳಲ್ಲ ನಾನು.”

ಜೂನ್ ಬಂದಾಗ ಅವರು ಜೊತೆಯಲ್ಲಿ ಹೋದರು. ಪಟ್ಟಂನ ಟೀಚರಮ್ಮ ಒಳ್ಳೆಯವಳು, “ಮೋಳಾಣೋ?” ಎಂದು ಕೇಳಿದಳು, ಮಗಳೇ ಎಂದು. ಚಂದ್ರಾವತಿಯಮ್ಮ ತಿದ್ದಲು ಹೋಗಲಿಲ್ಲ. ಕೋಣೆಯ ಕಿಟಕಿಯ ಚಿಲಕ ಎಳೆದು ನೋಡಿದರು, ಬಾವಿಯ ನೀರು ಕುಡಿದು ನೋಡಿದರು, ಮೂಲೆಯೊಂದನ್ನು ಒರಸಿ ದೇವರಿಗೆ ಜಾಗ ಮಾಡಿದರು. ಮಂಚ ಕಿಟಕಿಯ ಕಡೆಗಿರಲೆಂದು ಸುಮಿತ್ರ, ಮಳೆ ಎರಚುತ್ತದೆಂದು ಅತ್ತೆ. ಕೊನೆಗೆ ಸುಮಿತ್ರ ಹೇಳಿದಂತೆಯೇ ಆಯಿತು.

ಮರುದಿನ ಬೆಳಿಗ್ಗೆ ಮಳೆ. ಸುಮಿತ್ರ ಕಾಲು ಮುಟ್ಟಿ ನಮಸ್ಕರಿಸಿ, ಪುಸ್ತಕಗಳನ್ನು ಎದೆಗವಚಿ ಹೊರಟಳು. ಚಂದ್ರಾವತಿಯಮ್ಮ ಗೇಟಿನವರೆಗೆ ಬಂದರು. ಇಳಿಜಾರಿನ ಆ ರಸ್ತೆಯಲ್ಲಿ ಕಚೇರಿಗೆ ಹೋಗುವವರು, ಶಾಲೆಗೆ ಹೋಗುವವರು, ಬಸ್ಸಿಗೆ ಓಡುವವರು, ಎಲ್ಲರ ಕೈಯಲ್ಲೂ ಒಂದೇ ತರಹದ ಕರಿಯ ಕೊಡೆ. ಸುಮಿತ್ರಳ ಕೊಡೆ ಸ್ವಲ್ಪ ದೂರ ಬೇರೆಯಾಗಿ ಕಂಡಿತು. ಆಮೇಲೆ ಇನ್ನೊಂದು ಅದರ ಪಕ್ಕಕ್ಕೆ ಬಂತು, ಮತ್ತೆರಡು ಮುಂದೆ ಹೋದವು. ಯಾವುದು ಅವಳದೆಂದು ತಿಳಿಯದೆ, ಚಂದ್ರಾವತಿಯಮ್ಮ ಅಷ್ಟೂ ಕೊಡೆಗಳು ಇಳಿಜಾರು ಇಳಿಯುವವರೆಗೆ ನೋಡುತ್ತ ನಿಂತರು.