ಕಂಬದಕಟ್ಟೆಗೆ ಆಧಾರ

ಪಾಂಡವಪುರದ ಗ್ರಂಥಾಲಯಕ್ಕೆ ಮಧ್ಯಾಹ್ನದ ಹೊತ್ತು ಓದಲು ಬರುವವರಿಗಿಂತ ಫ್ಯಾನಿನ ಗಾಳಿಗೆ ಬರುವವರೇ ಹೆಚ್ಚು. ಗ್ರಂಥಪಾಲಕ ಧರ್ಮೇಂದ್ರ ಬಂದವರನ್ನು ಅವರ ಪಾಡಿಗೆ ಬಿಟ್ಟು, ಲ್ಯಾಪ್‌ಟಾಪ್ ತೆರೆದು ಕಸ ಗುಡಿಸಲು ಕೂರುತ್ತಿದ್ದ. ಕಸವೆಂದರೆ ಕನ್ನಡ ವಿಕಿಪೀಡಿಯದ ಕಸ. ಸಂಬಳವಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಆದರೂ ವರ್ಷಗಳಿಂದ ಈ ಕೆಲಸವನ್ನು ತಲೆಗೆ ಕಟ್ಟಿಕೊಂಡಿದ್ದ. ಮೊದಲೆಲ್ಲ ಕಸವೂ ಮನುಷ್ಯರದ್ದೇ ಆಗಿರುತ್ತಿತ್ತು. ಯಾರೋ ತನ್ನ ಮಾವನನ್ನು ಯುಗಪುರುಷ ಎಂದು ಬರೆದಿರುತ್ತಿದ್ದ, ಇನ್ಯಾರೋ ಎದುರು ಬೀದಿಯವರನ್ನು ಬೈದಿರುತ್ತಿದ್ದ. ಅಳಿಸುವಾಗ ನಗುವಾದರೂ ಬರುತ್ತಿತ್ತು. ಈಗ ಬರುವುದೆಲ್ಲ ಯಂತ್ರ ಬರೆದದ್ದು. ಅದರಲ್ಲಿ ಕಾಗುಣಿತದ ತಪ್ಪಿಲ್ಲ, ಸಿಟ್ಟಿಲ್ಲ, ಮಾವನೂ ಇಲ್ಲ. ಗುಡಿಸಿ ಗುಡಿಸಿ ಅವನಿಗೆ ಸಾಕಾಗಿತ್ತು.

ಆ ವಾರ ಕೆ.ಆರ್. ಪೇಟೆಯಿಂದ ಪ್ರಿಯಾಂಕ ಫೋನ್ ಮಾಡಿದ್ದಳು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವಳು, ವಿಕಿಯಲ್ಲಿ ಪುಟ ಅಳಿಸುವ ಅಧಿಕಾರವಿದ್ದ ನಿರ್ವಾಹಕಿ. 'ಕೆರೆಏರಿ' ಎಂಬ ಹೆಸರಿನ ಹೊಸ ಖಾತೆಯೊಂದು ನಾಗಮಂಗಲದ ಕಡೆಯ ಊರುಗಳ ಮೇಲೆ ಲೇಖನಗಳನ್ನು ಸುರಿಯುತ್ತಿದೆ, ನೋಡಿದರೆ ಯಂತ್ರದ್ದೇ ಅನಿಸುತ್ತದೆ, ಸ್ವಲ್ಪ ಪರಿಶೀಲಿಸಿ ಸರ್ ಎಂದಳು. ಆಧಾರ ಸಿಗದೇ ಹೋದರೆ ಒಂದೊಂದನ್ನೇ ತಿದ್ದಿಕೊಂಡು ಕೂರುವ ಶಕ್ತಿ ತನಗಿಲ್ಲ, ಶನಿವಾರ ಅಷ್ಟನ್ನೂ ಒಟ್ಟಿಗೆ ತೆಗೆದುಬಿಡುತ್ತೇನೆ ಎಂದೂ ಹೇಳಿದಳು. ಅವಳ ದನಿಯೂ ದಣಿದಿತ್ತು.

ಧರ್ಮೇಂದ್ರ ಮೊದಲು ತೆರೆದದ್ದು ಹೊಣಕೆರೆ ಹೋಬಳಿಯ ಕಂಬದಕಟ್ಟೆ ಎಂಬ ಊರಿನ ಹಳೆಯ ಲೇಖನ; ಆ ಖಾತೆ ಅದನ್ನು ಉದ್ದಕ್ಕೆ ಬೆಳೆಸಿತ್ತು. 'ಕಂಬದಕಟ್ಟೆ ಕೇವಲ ಒಂದು ಗ್ರಾಮವಲ್ಲ, ಅದು ಪರಂಪರೆ ಮತ್ತು ಪ್ರಗತಿಯ ಜೀವಂತ ಸಂಗಮ' ಎಂದು ಶುರುವಾಗಿತ್ತು. ಮುನ್ನೂರು ಮನೆಯ ಊರಿಗೆ ಇಷ್ಟೊಂದು ಭಾರ ಹೊರಿಸಿದರೆ ಅದು ತಾನೇ ಏನು ಮಾಡೀತು? ಪ್ರತಿ ಭಾಗದಲ್ಲೂ ದಪ್ಪಕ್ಷರದ ಪಟ್ಟಿ, ಪ್ರತಿ ಪಟ್ಟಿಯಲ್ಲೂ ಮೂರೇ ಅಂಶ, ಕೊನೆಗೆ 'ಸವಾಲುಗಳು ಮತ್ತು ಭವಿಷ್ಯದ ನಿರೀಕ್ಷೆಗಳು'. ಗುರುತು ಹಿಡಿಯಲು ಕಷ್ಟವೇನಿರಲಿಲ್ಲ. ಆದರೆ ಶೈಲಿ ನೋಡಿ ಅನುಮಾನ ಪಡಬಹುದೇ ಹೊರತು ತೀರ್ಪು ಕೊಡುವಂತಿಲ್ಲ; ಹಾಗೆ ಬರೆಯುವ ಮನುಷ್ಯರೂ ಇದ್ದಾರೆ, ಅವನ ಮೇಲಧಿಕಾರಿಯೇ ಹಾಗೆ ಬರೆಯುತ್ತಿದ್ದರು. ಹಾಗಾಗಿ ಅಡಿಟಿಪ್ಪಣಿಗೆ ಇಳಿದ.

ಮೊದಲ ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯೇ ತಾಳೆಯಾಗಲಿಲ್ಲ. ಆ ಸಂಖ್ಯೆಯ ಕೊನೆಯ ಅಂಕಿಗೂ ಅದರ ಹಿಂದಿನವಕ್ಕೂ ಒಂದು ಲೆಕ್ಕವಿರುತ್ತದೆ, ಬಾಯಿಗೆ ಬಂದದ್ದನ್ನು ಬರೆದರೆ ಸಿಕ್ಕಿಬೀಳುತ್ತದೆ. ಪತ್ರಿಕೆಯ ಕೊಂಡಿ ಒತ್ತಿದರೆ ಪುಟವಿಲ್ಲ. ಹಳೆಯ ಜಾಲಪುಟಗಳನ್ನು ಕೂಡಿಡುವ ತಾಣದಲ್ಲೂ ಆ ವಿಳಾಸ ಎಂದೂ ಇದ್ದ ಕುರುಹಿಲ್ಲ. ಕೆರೆ ಕಟ್ಟಿಸಿದ್ದು ಯಾರೋ ದಂಡನಾಯಕ ಎನ್ನುವುದಕ್ಕೆ ಶಾಸನ ಸಂಪುಟದ ಸಂಖ್ಯೆ ಕೊಟ್ಟಿತ್ತು. ಸಂಪುಟ ಗ್ರಂಥಾಲಯದಲ್ಲೇ ಇತ್ತು. ಧೂಳು ಕೊಡವಿ ತೆಗೆದು ನೋಡಿದ. ಆ ಸಂಖ್ಯೆಯ ಶಾಸನ ಇನ್ನೆಲ್ಲಿಯದೋ ದೇವಸ್ಥಾನಕ್ಕೆ ಯಾರೋ ದೀಪಕ್ಕೆ ಎಣ್ಣೆ ಬಿಟ್ಟದ್ದು.

ಇಲ್ಲಿಗೆ ಮುಗಿಯಿತು ಎಂದು ಮುಚ್ಚುವವನು, ಒಂದು ಪ್ಯಾರಾದ ಮೇಲೆ ಕಣ್ಣು ಬಿದ್ದು ನಿಂತ. 'ಕೆರೆ ತುಂಬಿದ ವರ್ಷ ಮೊದಲ ನೀರು ಕೊನೆಯ ಗದ್ದೆಗೆ. ತೂಬಿನ ಬಾಯಲ್ಲೇ ಗದ್ದೆ ಇದ್ದವನು ಕಡೆಯಲ್ಲಿ ನೀರು ಕಟ್ಟಿಕೊಳ್ಳಬೇಕು. ತನಗೇ ಮೊದಲು ಬೇಕೆಂದವನ ಮನೆಯ ಮದುವೆಗೆ ನೀರುಗಂಟಿ ಹೋಗುವುದಿಲ್ಲ.' ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಮದುವೆಗೆ ಹೋಗದ ಸಂಗತಿ ಯಂತ್ರಕ್ಕೆ ತಿಳಿಯುವುದಿಲ್ಲ. ಇದು ಮನುಷ್ಯ ಬರೆದದ್ದು. ಯಾವ ಮನುಷ್ಯ ಎನ್ನುವುದೂ ಧರ್ಮೇಂದ್ರನಿಗೆ ಗೊತ್ತಾಯಿತು. ಮೂರು ವರ್ಷದ ಹಿಂದೆ ಈ ಪ್ಯಾರಾವನ್ನು ತೆಗೆದವನು ಅವನೇ.

ಬರೆದದ್ದು ಚಲುವಯ್ಯ ಮೇಷ್ಟ್ರು. ನಾಗಮಂಗಲದಲ್ಲಿ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು, ಹುಟ್ಟೂರು ಕಂಬದಕಟ್ಟೆ. ಶ್ರೀರಂಗಪಟ್ಟಣದಲ್ಲಿ ನಡೆದ ಒಂದು ಕಮ್ಮಟದಲ್ಲಿ ಧರ್ಮೇಂದ್ರನಿಗೆ ವಿಕಿ ಸಂಪಾದನೆ ಕಲಿಸಿದ್ದು ಅವರೇ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೂರು ಅಲೆದು, ಒಣ ಒಣ ವಾಕ್ಯಗಳಲ್ಲಿ ನೂರಾರು ಲೇಖನ ಬರೆದಿದ್ದರು. ತಮ್ಮೂರಿನ ಲೇಖನಕ್ಕೆ ಈ ನೀರಿನ ಸಂಗತಿ ಸೇರಿಸಿದಾಗ ಮಾತ್ರ ಆಧಾರ ಕೊಟ್ಟಿರಲಿಲ್ಲ. ಧರ್ಮೇಂದ್ರ ತೆಗೆದ. ಅವರು ಮತ್ತೆ ಹಾಕಿದರು. 'ಆಧಾರವಿಲ್ಲ' ಎಂದು ಬರೆದು ಅವನು ಮತ್ತೆ ತೆಗೆದ. ಆಮೇಲೆ ಅವರ ಖಾತೆ ಸುಮ್ಮನಾಯಿತು. ವಯಸ್ಸಾಯಿತು, ಸುಸ್ತಾಗಿರಬೇಕು ಅಂದುಕೊಂಡು ಇವನೂ ಸುಮ್ಮನಾದ. ಒಂದು ಫೋನಾದರೂ ಮಾಡಬಹುದಿತ್ತು, ಮಾಡಲಿಲ್ಲ.

ಶುಕ್ರವಾರ ರಜೆ ಹಾಕಿ ನಾಗಮಂಗಲದ ಬಸ್ಸು ಹತ್ತಿದ. ಮೇಷ್ಟ್ರ ಹತ್ತಿರ ಈ ಸಂಗತಿ ಅಚ್ಚಾದ ಒಂದು ಪುಸ್ತಕವೋ ಸ್ಮರಣ ಸಂಚಿಕೆಯೋ ಇದ್ದರೆ ಸಾಕು, ಆ ಒಂದು ಪ್ಯಾರಾ ಉಳಿಯುತ್ತದೆ, ಪ್ರಿಯಾಂಕಳಿಗೆ ಮೇಷ್ಟ್ರ ಹೆಸರನ್ನೂ ಹೇಳಬೇಕಾಗಿಲ್ಲ ಎಂದು ಲೆಕ್ಕ ಹಾಕಿದ್ದ. ಹೊತ್ತು ಕಳೆಯಲು ಆ ಖಾತೆಯ ಮಿಕ್ಕ ಲೇಖನಗಳನ್ನು ಮೊಬೈಲಿನಲ್ಲಿ ತೆರೆಯುತ್ತಾ ಹೋದ. ಜಕ್ಕನಹಳ್ಳಿ ದಾಟುವ ಹೊತ್ತಿಗೆ ಅವನ ಲೆಕ್ಕವೆಲ್ಲ ಮಣ್ಣುಪಾಲಾಗಿತ್ತು. ಎರಡನೆಯ ಊರಿನ ಲೇಖನದಲ್ಲೂ ಮೊದಲ ನೀರು ಕೊನೆಯ ಗದ್ದೆಗೆ. ಮೂರನೆಯದರಲ್ಲೂ ಹಾಗೆಯೇ. ಐದಾರು ಊರು ದಾಟಿದ ಮೇಲೂ ನೀರುಗಂಟಿ ಯಾರ ಮದುವೆಗೂ ಹೋಗದೆ ಕೂತಿದ್ದ. ಪ್ರತಿಯೊಂದಕ್ಕೂ ಬೇರೆ ಬೇರೆ ಪುಸ್ತಕದ ಹೆಸರು, ಬೇರೆ ಬೇರೆ ಪುಟಸಂಖ್ಯೆ.

ಮೇಷ್ಟ್ರ ಹೆಂಡತಿ ಸಿದ್ದಲಿಂಗಮ್ಮ ಬಾಗಿಲು ತೆಗೆದು, ಇಷ್ಟು ದಿನಕ್ಕೆ ದಾರಿ ಗೊತ್ತಾಯಿತಾ ಎಂದು ಆಕ್ಷೇಪಿಸಿ ಮಜ್ಜಿಗೆ ತಂದುಕೊಟ್ಟರು. ಮೇಷ್ಟ್ರು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಮಂಡಿ ಹೋಗಿ ಎರಡು ವರ್ಷವಾಯಿತಂತೆ, ಬಸ್ಸು ಹತ್ತುವಂತಿಲ್ಲವಂತೆ. ಅವನನ್ನು ಕಂಡು ಖುಷಿಪಟ್ಟರು. ಅವನ ಕೈಯಲ್ಲಿ ಲ್ಯಾಪ್‌ಟಾಪ್ ಚೀಲ ಕಂಡು ಖುಷಿ ಇಳಿಯಿತು. ಧರ್ಮೇಂದ್ರ ಸುತ್ತಿ ಬಳಸಲಿಲ್ಲ. ಕೆರೆಏರಿ ನೀವೇನಾ ಎಂದು ಕೇಳಿದ. ಅವರೂ ಮುಚ್ಚಿಡಲಿಲ್ಲ.

ಅವನು ಐಎಸ್‌ಬಿಎನ್ ಸಂಗತಿ ಹೇಳಿದ, ಸತ್ತ ಕೊಂಡಿಗಳನ್ನು ತೋರಿಸಿದ, ಎಣ್ಣೆ ದಾನದ ಶಾಸನದ ವಿಷಯ ತಿಳಿಸಿದ. ಮೇಷ್ಟ್ರು ಎಲ್ಲಕ್ಕೂ ತಲೆಯಾಡಿಸುತ್ತಾ ಕೇಳಿದರು. ಪಾಠ ಒಪ್ಪಿಸುವ ಹುಡುಗನ ಮುಂದೆ ಕೂತಂತಿತ್ತು ಅವರ ರೀತಿ. ಅವನಿಗೆ ಅದೇ ಹಿಂಸೆಯಾಯಿತು. ಇದೆಲ್ಲ ನಿಮಗೆ ಗೊತ್ತಿಲ್ಲದ್ದಲ್ಲ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ.

"ನೀನು ಆಧಾರ ಕೇಳ್ದೆ," ಅಂದರು ಮೇಷ್ಟ್ರು. "ನಮ್ಮೂರ ಚಿಕ್ಕಬೋರಮ್ಮ ಏಳಿದ್ದು ಕಣ್ಲಾ ಅದು. ಅವಳ ಗಂಡ ನೀರುಗಂಟಿಯಾಗಿದ್ದೋನು. ಅವಳ ಬಾಯ್ಮಾತಿಗೆ ನಾನೆಲ್ಲಿಂದ ಪುಸ್ತಕ ತರ್ಲಿ? ಈ ಯಂತ್ರುಕ್ಕೆ ಬರ್ಕೊಟ್ಟೆ, ಆಧಾರ ಆಕು ಅಂದೆ. ಕೇಳಿದ ತಕ್ಸಣ ಕೊಡ್ತು. ನೀವ್ಯಾರೂ ಏನೂ ಅನ್ನಿಲ್ಲ."

ಚಿಕ್ಕಬೋರಮ್ಮ ಈಗ ಇಲ್ಲ, ಆ ಮಾತು ಎಲ್ಲೂ ಅಚ್ಚಾಗಿಲ್ಲ. ಒಂದು ಲೇಖನ ಸಲೀಸಾಗಿ ಹೋದ ಮೇಲೆ ಮೇಷ್ಟ್ರಿಗೆ ಆಸೆ ಹತ್ತಿತು. ಮಂಡಿ ಸರಿಯಿದ್ದಿದ್ದರೆ ತಾವೇ ಹೋಗಿ ಬರೆಯುತ್ತಿದ್ದ ಊರುಗಳವು. ಕಂಬದಕಟ್ಟೆಯದನ್ನೇ ಮಾದರಿಯಾಗಿ ಕೊಟ್ಟು, ಇದೇ ರೀತಿ ಸುತ್ತಮುತ್ತಿನ ಊರಿಗೂ ಬರೆ ಅಂದರು. ಅದು ಬರೆಯಿತು, ಇವರು ಹಾಕಿದರು. ಕಣ್ಣು ನೋಯುತ್ತದೆಂದು ಪೂರ್ತಿ ಓದಲು ಹೋಗಲಿಲ್ಲ.

ಧರ್ಮೇಂದ್ರ ಒಂದೊಂದೇ ಪುಟ ತೆರೆದು ಅವರ ಮುಂದೆ ಹಿಡಿದ. ಮೊದಲನೆಯದರಲ್ಲಿ ನೀರುಗಂಟಿಯನ್ನು ಕಂಡು ಮೇಷ್ಟ್ರ ಮುಖ ಅರಳಿತು. ಎರಡನೆಯದರಲ್ಲಿ ಕಂಡಾಗ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಅವರೇ ಕೈ ಚಾಚಿ, ಪುಟದಿಂದ ಪುಟಕ್ಕೆ ತಾವೇ ಹೋದರು. ಬಹಳ ಹೊತ್ತು ಓದಿದರು.

"ಈ ಊರಲ್ಲಿ ಕೆರೇನೇ ಇಲ್ವಲ್ಲಾ," ಅಂದರು.

ಚಿಕ್ಕಬೋರಮ್ಮ ಒಬ್ಬಳು ಹೇಳಿದ ಮಾತು ಈಗ ಊರೂರಿನ ಸುಳ್ಳಾಗಿತ್ತು. ಕೆರೆಯಿಲ್ಲದ ಊರಿನ ಸುಳ್ಳಿಗೂ ಕಂಬದಕಟ್ಟೆಯ ನಿಜಕ್ಕೂ ಒಂದೇ ಅಕ್ಷರ, ಒಂದೇ ಥರದ ಅಡಿಟಿಪ್ಪಣಿ. ಓದುವವನು ಯಾವುದನ್ನು ನಂಬಬೇಕು? ಸಿದ್ದಲಿಂಗಮ್ಮ ಬಂದು ಇಬ್ಬರ ಮುಖ ನೋಡಿ, ಲೋಟ ಎತ್ತಿಕೊಂಡು ಒಳಗೆ ಹೋದರು.

"ಮಿಕ್ಕಿದ್ದೆಲ್ಲ ತಗುದಾಕು," ಅಂದರು ಮೇಷ್ಟ್ರು. "ನಮ್ಮೂರ್ದು ಆ ಮೂರು ಸಾಲು ಒಂದ ಬುಡು. ಅದು ನಿಜ ಅಂತ ನಿಂಗೂ ಗೊತ್ತದೆ."

ಗೊತ್ತಿತ್ತು. ಮೂರು ವರ್ಷದ ಹಿಂದೆ ತೆಗೆಯುವಾಗಲೂ ಗೊತ್ತಿತ್ತು. ಬಿಟ್ಟುಬಿಟ್ಟರೆ ಯಾರೂ ಕೇಳುವವರಿಲ್ಲ. ಧರ್ಮೇಂದ್ರ ನೋಡಿದ್ದಾನೆ ಎಂದರೆ ಪ್ರಿಯಾಂಕ ಕಣ್ಣುಮುಚ್ಚಿ ಒಪ್ಪುತ್ತಾಳೆ. ಆದರೆ ತಾನು ಬಲ್ಲೆ ಎಂಬ ಒಂದೇ ಕಾರಣಕ್ಕೆ ಉಳಿಸಿದರೆ, ನಾಳೆ ಕೆರೆಯಿಲ್ಲದ ಊರಿನವನು ಬಂದು ತಾನೂ ಬಲ್ಲೆ ಅನ್ನುತ್ತಾನೆ. ಅವನಿಗೆ ಯಾವ ಮುಖ ಇಟ್ಟುಕೊಂಡು ಇಲ್ಲ ಅನ್ನುವುದು? ಮನಸ್ಸಿನಲ್ಲಿ ಎಷ್ಟು ಸಲ ಹೊರಳಾಡಿಸಿದರೂ ಉತ್ತರ ಅದೇ ಬಂತು. ಈ ಕೆಲಸವನ್ನು ಯಾಕಾದರೂ ಕಲಿತೆನೋ ಎನಿಸಿತು.

"ಆಗಲ್ಲ ಮೇಷ್ಟ್ರೆ," ಅಂದ.

ಮೇಷ್ಟ್ರು ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿ, ಮಾಡುವುದಾದರೆ ತಮ್ಮ ಎದುರಿಗೇ ಮಾಡು ಎಂದರು. ಧರ್ಮೇಂದ್ರ ಮಿಕ್ಕ ಊರುಗಳನ್ನು ಅಳಿಸುವ ಪಟ್ಟಿಗೆ ಹಾಕಿದ. ಕಂಬದಕಟ್ಟೆಯದನ್ನು ಪೂರ್ತಿ ಅಳಿಸಬೇಕಾಗಿರಲಿಲ್ಲ, ಯಂತ್ರ ಬರುವ ಮೊದಲೇ ಇದ್ದ ಲೇಖನ ಅದು. ದಂಡನಾಯಕ ಹೋದ, ಜೀವಂತ ಸಂಗಮ ಹೋಯಿತು, ನಿರೀಕ್ಷೆಗಳು ಹೋದವು. ಕೊನೆಗೆ ಆ ಮೂರು ಸಾಲನ್ನು ಹಿಡಿದು ತೆಗೆದ. ಬದಲಾವಣೆಯ ಕಾರಣ ಕೇಳುವ ಜಾಗದಲ್ಲಿ ಬೇರೆ ಏನಾದರೂ ಬರೆಯೋಣವೆಂದು ಸ್ವಲ್ಪ ಹೊತ್ತು ಯೋಚಿಸಿದ. ಬೇರೆ ಯಾವುದೂ ಸತ್ಯವಾಗಿರಲಿಲ್ಲ. 'ಆಧಾರವಿಲ್ಲ' ಎಂದೇ ಬರೆದು ಉಳಿಸುವ ಗುಂಡಿ ಒತ್ತಿದ.

ಪುಟದಲ್ಲಿ ಊರಿನ ಹೆಸರು, ಹೋಬಳಿ, ತಾಲ್ಲೂಕು, ಜನಗಣತಿಯ ಸಂಖ್ಯೆ ಉಳಿದವು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಅಷ್ಟನ್ನೂ ಓದಿದರು. ಜನಗಣತಿಯ ಅಡಿಟಿಪ್ಪಣಿಯ ಕೊಂಡಿಯನ್ನು ಒತ್ತಿ, ಸರಿಯಾದ ಪುಟವೇ ತೆರೆಯುತ್ತದೆಂದು ಖಾತ್ರಿ ಮಾಡಿಕೊಂಡರು. ಅವರು ಬೈಯುತ್ತಾರೆಂದು ಧರ್ಮೇಂದ್ರ ಕಾಯುತ್ತಿದ್ದ. ಬೈದಿದ್ದರೆ ಬಸ್ಸಿನಲ್ಲಿ ನೆಮ್ಮದಿಯಾಗಿ ಹೋಗಬಹುದಿತ್ತು.

"ಸರ್ಯಾಗೇ ಅದೆ ಬುಡು," ಅಂದರು ಮೇಷ್ಟ್ರು. "ನಾನಾಗಿದ್ರೂ ಇಂಗೇ ಮಾಡ್ತಿದ್ದೆ."