ಹನ್ನೆರಡು ಸಾವಿರದ ಕೊರತೆ

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಲೆಕ್ಕ ಕೊಟ್ರೆ ಇನ್ನೇನಾಗುತ್ತೆ? ಪೆಟ್ಟಿಗೇಲಿ ಹದಿನೆಂಟು ಸಾವಿರ ಇದೆ, ಇವ್ನು ಹನ್ನೆರಡು ಸಾವಿರ ಕೊರತೆ ಅಂತಾನೆ. ನುಂಗಿದ್ದೆಷ್ಟೋ!"

ಊರಿನ ಕ್ಲಬ್ಬಿನ ಮೊದಲ ವರ್ಷದ ಸಭೆಯಲ್ಲಿ ಕಾರ್ಯದರ್ಶಿ ಹೀಗೆಂದಾಗ ಎಲ್ಲರೂ ಖಜಾಂಚಿಯಾದ ನನ್ನತ್ತ ತಿರುಗಿದರು. ಹಿಂದಿನ ಬೆಂಚಿನಲ್ಲಿ ಅಪ್ಪ ತಲೆ ತಗ್ಗಿಸಿದ್ದರು. ಕಳ್ಳನೆನ್ನಿಸಿಕೊಂಡು ಮನೆಗೆ ಹೋಗುವುದು ಹೇಗೆ? ಎದ್ದು ನಿಂತೆ.

"ಕೈಗೆ ಬಂದಿದ್ದು ಅರವತ್ತು ಸಾವಿರ, ಕೊಟ್ಟಿದ್ದು ನಲವತ್ತೆರಡು. ಪೆಟ್ಟಿಗೆ ಸರಿಯಾಗೇ ಇದೆ," ಎಂದೆ. "ಆದ್ರೆ ಬಂದಿದ್ರಲ್ಲಿ ಇಪ್ಪತ್ನಾಲ್ಕು ಸಾವಿರ ಬರೋ ವರ್ಷದ ಚಂದಾ. ಅದು ಈ ವರ್ಷದ ಆದಾಯ ಅಲ್ಲ. ಎರಡು ತಿಂಗಳ ಬಾಡಿಗೆ ಆರು ಸಾವಿರ ಇನ್ನೂ ಕೊಟ್ಟಿಲ್ಲ, ಆದ್ರೂ ಅದು ಈ ವರ್ಷದ್ದೇ ಖರ್ಚು. ಆದಾಯ ಮೂವತ್ತಾರು, ಖರ್ಚು ನಲವತ್ತೆಂಟು. ಕೊರತೆ ಎಷ್ಟಾಯ್ತಣ್ಣ?"

ಲೆಕ್ಕ ತಪಾಸಣೆಗೆ ಕೂತಿದ್ದ ನಿವೃತ್ತ ಬ್ಯಾಂಕ್ ಗುಮಾಸ್ತರು ರಸೀದಿ ಪುಸ್ತಕ ತಿರುವಿ ಕಾರ್ಯದರ್ಶಿಯತ್ತ ನೋಡಿದರು. "ಹುಡುಗನ ಲೆಕ್ಕ ಸರಿ. ಮುಂದಿನ ವರ್ಷದ ಚಂದಾ ಈಗಲೇ ಎತ್ತಿದ್ದು ನೀನೇ ಅಲ್ವೇನಯ್ಯಾ? ಎಲ್ಲ ನಿನ್ನದೇ ಸಹಿ!"

ಸಭೆ ಗೊಳ್ಳೆಂದಿತು. ಕಾರ್ಯದರ್ಶಿ ಹಲ್ಲು ಕಿರಿದ. "ತಮಾಷೆಗೆ ಅಂದೆ ಕಣೋ ತಮ್ಮ. ಬರೋ ವರ್ಷಾನೂ ನೀನೇ ಬರೀತೀಯ ತಾನೆ?"

ನಾನು ಪೆಟ್ಟಿಗೆಯ ಬೀಗದಕೈಯನ್ನು ಅವನ ಮುಂದಿಟ್ಟು, ಅಪ್ಪನನ್ನು ಎಬ್ಬಿಸಿಕೊಂಡು ಹೊರಗೆ ನಡೆದೆ.