ಮಣಿಕಟ್ಟಿನ ನಾಡಿ

ಶರೀರಶಾಸ್ತ್ರದ ಮೇಷ್ಟ್ರಿಗೆ ಕಾಲೇಜಿನಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ಲಬ್‌ಡಬ್. ಮೇಷ್ಟ್ರಿಗೂ ಅದು ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದು ಒಳಗೊಳಗೇ ಉಬ್ಬುತ್ತಿದ್ದರು. ಹೃದಯದ ಒಂದು ಬಡಿತವನ್ನು ಹಲಗೆಯ ಮೇಲೆ ಅವರಂತೆ ಬಿಡಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ವರ್ಷಕ್ಕೊಮ್ಮೆ ಆ ಪಾಠದ ದಿನ ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಬಣ್ಣಬಣ್ಣದ ಸೀಮೆಸುಣ್ಣ, ಕಂಕುಳಲ್ಲಿ ಉದ್ದನೆಯ ಮರದ ಸ್ಕೇಲು. ಮದುವೆಮನೆಗೆ ಹೊರಟ ಸಡಗರ.

ಆ ದಿನವೂ ಹಾಗೆಯೇ ಬಂದರು. ಒಂದರ ಕೆಳಗೊಂದು ಗೆರೆ ಎಳೆದರು.

"ನೋಡ್ರಪ್ಪಾ, ಮೇಲಿನ ಕೋಣೆ ಕೊನೇ ಸಲ ಹಿಂಡಿ ತನ್ನ ಪಾಲಿನ ರಕ್ತ ಕೆಳಗಿನ ಕೋಣೆಗೆ ತಳ್ತು. ಈಗ ಕೆಳಗಿನ ಕೋಣೆ ಬಿಗಿಯೋಕೆ ಶುರು ಮಾಡ್ತು. ಒತ್ತಡ ಮೇಲಿನ ಕೋಣೆಗಿಂತ ಜಾಸ್ತಿ ಆದ ತಕ್ಷಣ ನಡುವಿನ ಬಾಗಿಲು ಮುಚ್ಕೊಳ್ತು. ಲಬ್! ಮೊದಲನೇ ಶಬ್ದ."

ಕೆಂಪು ಗೆರೆ ನೆಟ್ಟಗೆ ಮೇಲೇರಿತು. ಅದರ ಕೆಳಗೆ ರಕ್ತದ ಪ್ರಮಾಣ ತೋರಿಸುವ ನೀಲಿ ಗೆರೆ ಮಾತ್ರ ಮಲಗಿಯೇ ಇತ್ತು.

"ಯಾಕೆ ಮಲಗಿದೆ? ಎರಡೂ ಬಾಗಿಲು ಮುಚ್ಚಿವೆ. ರಕ್ತ ಒಳಗೂ ಬರಲ್ಲ, ಹೊರಗೂ ಹೋಗಲ್ಲ, ಒತ್ತಡ ಮಾತ್ರ ಏರ್ತಿದೆ. ಮೈಗೆಲ್ಲ ರಕ್ತ ಒಯ್ಯೋ ಮಹಾಪಧಮನಿಯ ಒತ್ತಡ ಮೀರಿದಾಗ ಹೊರಬಾಗಿಲು ತೆರೀತು, ರಕ್ತ ನುಗ್ತು, ನೀಲಿ ಗೆರೆ ಇಳೀತು. ಆಮೇಲೆ ಕೋಣೆ ಸಡಿಲ ಆಯ್ತು, ಒತ್ತಡ ಬಿತ್ತು, ಹೊರಬಾಗಿಲು ಮುಚ್ಕೊಳ್ತು. ಡಬ್! ಮತ್ತೆ ಎರಡೂ ಬಾಗಿಲು ಬಂದ್, ನೀಲಿ ಗೆರೆ ಮತ್ತೆ ಮಲಗ್ತು. ಒತ್ತಡ ಮೇಲಿನ ಕೋಣೆಗಿಂತ ಕೆಳಗಿಳಿದಾಗ ನಡುಬಾಗಿಲು ತೆರೆದು ತುಂಬೋದು ಶುರು. ತುಂಬುವಾಗ ಹೃದಯ ಸುಮ್ನಿರಬೇಕು. ಅಲ್ಲಿ ಗುಡುಗುಡು ಅಂದ್ರೆ ಬಾಗಿಲು ಕಿರಿದಾಗಿದೆ ಅಂತ. ಅದನ್ನ ಯಾವತ್ತೂ ಪರವಾಗಿಲ್ಲ ಅಂತ ಬಿಡಬಾರದು."

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಸರ್, ನಾವು ನಾಡಿ ನೋಡೋದು ಮಣಿಕಟ್ಟಲ್ಲಿ. ಆ ನಾಡಿಯ ಏರು ಈ ಚಿತ್ರದಲ್ಲಿ ಎಲ್ಲಿ ಬರುತ್ತೆ?"

"ಒಳ್ಳೇ ಪ್ರಶ್ನೆ. ಅಲೆ ಎದೆಯಿಂದ ಕೈತನಕ ಬರಬೇಕಲ್ಲ, ತಡ ಆಗುತ್ತೆ." ಲಬ್‌ಗೂ ಡಬ್‌ಗೂ ನಡುವೆ ಅವರು ಹಳದಿ ಗುಡ್ಡವೊಂದನ್ನು ಬಿಡಿಸಿದರು.

"ಹೃದಯ ಜೋರಾಗಿ ಹೊಡ್ಕೊಳ್ತಿದ್ರೆ?"

"ಆಗ ತುಂಬುವ ಹೊತ್ತು ತುಂಬಾ ಕುಗ್ಗುತ್ತೆ, ಹಿಂಡುವ ಹೊತ್ತು ಸ್ವಲ್ಪ ಕುಗ್ಗುತ್ತೆ. ಎರಡೂ ಹೆಚ್ಚುಕಮ್ಮಿ ಒಂದೇ ಆಗುತ್ತೆ. ಯಾವುದು ಲಬ್, ಯಾವುದು ಡಬ್ ಅಂತ ಬರೀ ಕಿವಿಗೆ ಗೊತ್ತಾಗಲ್ಲ." ಪಕ್ಕದಲ್ಲಿ ಇಕ್ಕಟ್ಟಾಗಿ ಇನ್ನೊಂದು ಚಿತ್ರ ಎಳೆದರು. "ಆದ್ರೆ ಅಲೆ ಬರೋ ತಡ ಅಷ್ಟೇ ಇರುತ್ತೆ, ಹಂಗಾಗಿ..."

ಹಳದಿ ಗುಡ್ಡದ ತುದಿ ಡಬ್‌ನ ಚುಕ್ಕೆಗೆರೆಗೆ ಹೋಗಿ ತಾಕಿತು. ನಾಡಿಯ ಜೊತೆ ಕೇಳುವುದೇ ಲಬ್ ಎಂದು ಮಣಿಕಟ್ಟು ಹಿಡಿದವನಿಗೆ ಡಬ್ಬೇ ಲಬ್ ಎನಿಸುತ್ತದೆ. ಡಬ್ ಆದ ಮೇಲೆ ಕೇಳುವ ಗುಡುಗುಡು, ಲಬ್ ಆದ ಮೇಲೆ ಬಂದಂತೆ ತೋರುತ್ತದೆ.

ಮೇಷ್ಟ್ರಿಗೆ ತಂಗಿ ನೆನಪಾದಳು.

ಹಿಂದಿನ ಭಾನುವಾರ ಅವರ ತಂಗಿ ಮನೆಗೆ ಬಂದಿದ್ದಳು. ಆರು ತಿಂಗಳ ಬಸುರಿ. ಹೆರಿಗೆ ಡಾಕ್ಟರು ಎದೆಯಲ್ಲಿ ಏನೋ ಸದ್ದಿದೆ, ಹೃದಯದ ಸ್ಕ್ಯಾನ್, ಎಕೋ, ಮಾಡಿಸಿಕೋ ಎಂದಿದ್ದರಂತೆ. ಹೆದರಿ ಅಣ್ಣನ ಹತ್ತಿರ ಓಡಿಬಂದಿದ್ದಳು, ಹೃದಯ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಮೇಷ್ಟ್ರು ಡಾಕ್ಟರಿಕೆ ಓದಿದವರೇ, ಆದರೆ ವಾರ್ಡಿನ ಕಡೆ ತಲೆ ಹಾಕಿ ಎಷ್ಟೋ ವರ್ಷವಾಗಿತ್ತು. ಹೆಂಡತಿ, ಮಕ್ಕಳು, ತಂಗಿಯ ಗಂಡ ಎಲ್ಲರೂ ಸುತ್ತ ನಿಂತಿದ್ದರು. ಸ್ಟೆತಸ್ಕೋಪನ್ನು ತಂಗಿಯ ಎದೆಗಿಟ್ಟು, ಇನ್ನೊಂದು ಕೈಯಲ್ಲಿ ಗತ್ತಿನಿಂದ ಅವಳ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ ಕೇಳಿದ್ದರು. "ನಾಡಿ ಬಡಿದ ಮೇಲೇ ಸದ್ದು ಬರ್ತಿದೆ, ಹಿಂಡುವಾಗಿನ ಸದ್ದು. ಬಸುರಲ್ಲಿ ರಕ್ತ ಜಾಸ್ತಿ ಇರುತ್ತಲ್ಲ, ಅದಕ್ಕೆ. ಎಕೋ ಗಿಕೋ ಏನೂ ಬೇಡ," ಎಂದುಬಿಟ್ಟಿದ್ದರು. ತಂಗಿ ಅಲ್ಲೇ ಹೆರಿಗೆ ಡಾಕ್ಟರಿಗೆ ಫೋನ್ ಮಾಡಿ ಎಕೋ ಬೇಡವೆಂದು ತಿಳಿಸಿದ್ದಳು. ಅವಳ ಗಂಡ ಕೈಮುಗಿದಿದ್ದ. ಎದೆಗೆ ಹತ್ತಿರದ ಕುತ್ತಿಗೆಯ ನಾಡಿ ಹಿಡಿದು ಸದ್ದಿನ ಹೊತ್ತು ನೋಡಬೇಕೆನ್ನುವುದು ಈಗಷ್ಟೇ ತರಬೇತಿಗೆ ಬಂದ ಹೌಸ್‌ಸರ್ಜನ್ನಿಗೂ ಗೊತ್ತಿರುವ ಮಾತು.

"ಸರ್, ಹಂಗಾಗಿ?" ಹುಡುಗಿ ಕೇಳಿದಳು.

"ಹಂಗಾಗಿ ಕುತ್ತಿಗೆ ಹಿಡೀಬೇಕು," ಎಂದರು ಮೇಷ್ಟ್ರು. ಸ್ಕೇಲನ್ನು ಅಲ್ಲೇ ಬಿಟ್ಟು ತಂಗಿಯ ಮನೆಗೆ ಹೊರಟರು. ನೆಲ ಬಾಯಿಬಿಟ್ಟರೆ ಸಾಕಿತ್ತು.

ದಾರಿಯುದ್ದಕ್ಕೂ ಅವರ ತಲೆಯಲ್ಲಿ ಓಡುತ್ತಿದ್ದುದು ತಂಗಿಯ ಹೃದಯವಲ್ಲ, ತಮ್ಮ ಮಾನ. ಸುಮ್ಮನೆ ಒಂದು ಸಲ ಎಕೋ ಮಾಡಿಸಿಬಿಡೋಣ ಅನ್ನಲೇ? ಕಾಲೇಜಲ್ಲಿ ಬಿಟ್ಟಿ ಮಾಡ್ತಾರೆ ಅನ್ನಲೇ? ಇಂಥ ಹೊತ್ತಿನಲ್ಲೂ ಸುಳ್ಳು ಹೆಣೆಯುತ್ತಿರುವ ತಮ್ಮನ್ನು ಕಂಡು ಅವರಿಗೇ ಹೇಸಿಗೆಯಾಯಿತು.

ತಂಗಿ ಬಾಗಿಲು ತೆರೆದಳು. ಅಷ್ಟಕ್ಕೇ ಏದುಸಿರು. ಕೋಣೆಯ ಮಂಚದ ಮೇಲೆ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿತ್ತು.

"ಇದೇನೇ ಇಷ್ಟೊಂದು ದಿಂಬು?"

"ಚಪ್ಪಟೆ ಮಲಗಿದ್ರೆ ಉಸಿರು ಕಟ್ಟುತ್ತೆ ಅಣ್ಣ. ಕೂತ್ಕೊಂಡೇ ನಿದ್ದೆ ಮಾಡ್ತೀನಿ."

"ಯಾರಿಗೂ ಯಾಕೆ ಹೇಳ್ಲಿಲ್ಲ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನೀನೇ ಕೇಳಿ ಎಲ್ಲಾ ಸರಿ ಇದೆ ಅಂದ್ಮೇಲೆ ಏನಂತ ಹೇಳ್ಲಿ? ನಂದೇ ಸೋಂಬೇರಿತನ ಅನ್ಕೊಂಡೆ. ಅತ್ತೆ ಮುಂದೆ ಸುಸ್ತು ಅನ್ನೋಕೂ ನಾಚಿಕೆ ಆಗ್ತಿತ್ತು."

ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದಂತಾಯಿತು. ತಾವು ಪಡಬೇಕಾದ ನಾಚಿಕೆಯನ್ನು ಇವಳು ಇಷ್ಟು ದಿನ ಹೊತ್ತು ಕೂತಿದ್ದಾಳೆ. ಅವಳನ್ನು ಎಡಮಗ್ಗುಲಿಗೆ ವಾಲಿಸಿ, ಕುತ್ತಿಗೆಯ ನಾಡಿಯ ಮೇಲೆ ಬೆರಳಿಟ್ಟು ಮತ್ತೆ ಕೇಳಿದರು. ಬೆರಳಿಗೆ ನಾಡಿ ತಾಕಿದಾಗ ಲಬ್. ಆಮೇಲೆ ಡಬ್. ಸುಮ್ಮನಿರಬೇಕಾದ ಜಾಗದಲ್ಲಿ ತಗ್ಗುದನಿಯ ಗುಡುಗುಡು. ನಡುಬಾಗಿಲು ಕಿರಿದಾಗಿತ್ತು. ಹೃದಯ ಓಡಿದಷ್ಟೂ ತುಂಬಲು ಹೊತ್ತು ಸಾಲದೆ ರಕ್ತ ಹಿಂದೆ ನಿಂತು ಶ್ವಾಸಕೋಶವನ್ನು ಒತ್ತುತ್ತಿತ್ತು.

"ಏಳು, ಆಸ್ಪತ್ರೆಗೆ ಹೋಗೋಣ."

"ಯಾಕಣ್ಣ? ಏನಾಯ್ತು?"

"ದಾರೀಲಿ ಹೇಳ್ತೀನಿ," ಎಂದರು. ದಾರಿಯಲ್ಲಿ ಹೇಳಲಿಲ್ಲ.

ಎಕೋ ಕೋಣೆಯಲ್ಲಿದ್ದ ಹೃದಯದ ಡಾಕ್ಟರು ಒಂದು ಕಾಲಕ್ಕೆ ಅವರದೇ ಶಿಷ್ಯೆ. ಪರದೆಯ ಮೇಲೆ ಕಿರಿದಾದ ಬಾಗಿಲು ಅರೆಬರೆ ತೆರೆದು ಮುಚ್ಚುತ್ತಿತ್ತು. ಅದನ್ನು ನೋಡುತ್ತಲೇ ಶಿಷ್ಯೆ ಹೇಳಿದಳು: "ಇವತ್ತೇ ಅಡ್ಮಿಟ್ ಮಾಡ್ಬೇಕು. ಔಷಧಿಯಲ್ಲಿ ಹೃದಯದ ಓಟ ಇಳಿಸೋಣ. ಆಗ ತುಂಬೋಕೆ ಹೊತ್ತು ಸಿಗುತ್ತೆ. ಅದಕ್ಕೂ ಬಗ್ಗದಿದ್ರೆ ಬಲೂನ್ ಹಾಕಿ ಬಾಗಿಲು ಹಿಗ್ಗಿಸ್ತೀವಿ. ಮಗುಗೂ ತಾಯಿಗೂ ದಾರಿ ಇದೆ. ಆದ್ರೆ ಮುಂಚೆ ಯಾರೂ ಎದೆ ನೋಡ್ಲಿಲ್ವಾ?"

ತಂಗಿ ಅಣ್ಣನ ಮುಖ ನೋಡಿದಳು. ದಾರಿಯಲ್ಲಿ ಹೇಳದೇ ಉಳಿದದ್ದು ಅವಳಿಗೆ ಆಗಲೇ ತಿಳಿದುಹೋಗಿತ್ತು. "ಇಲ್ಲ ಡಾಕ್ಟ್ರೇ," ಎಂದಳು ಥಟ್ಟನೆ. "ಹೆರಿಗೆ ಡಾಕ್ಟ್ರು ಎಕೋ ಮಾಡಿಸು ಅಂದಿದ್ರು, ನಾನೇ ಉದಾಸೀನ ಮಾಡ್ದೆ."

ಒಂದು ಕ್ಷಣ ಆ ಸುಳ್ಳು ಮೇಷ್ಟ್ರಿಗೆ ಹಿತವಾಯಿತು. ಹಿತವಾಯಿತಲ್ಲ ಎಂಬುದೇ ಅವತ್ತಿನ ಅತಿ ದೊಡ್ಡ ಅವಮಾನ.

"ನಾನು ನೋಡಿದ್ದೆ," ಎಂದರು. "ನಾನೇ ಎಕೋ ಬೇಡ ಅಂದೆ. ಮಣಿಕಟ್ಟಿನ ನಾಡಿ ಹಿಡಿದು ಸದ್ದಿನ ಹೊತ್ತು ನೋಡಿದೆ."

ಶಿಷ್ಯೆ ಪರದೆಯಿಂದ ಕಣ್ಣು ತೆಗೆದು ತಿರುಗಿದಳು. "ಮಣಿಕಟ್ಟಾ, ಸರ್?" ಎಂದಳು. ಬೈಯುವ ದನಿಯಲ್ಲ, ತಾನು ಕೇಳಿಸಿಕೊಂಡದ್ದೇ ತಪ್ಪಿರಬೇಕು ಎನ್ನುವ ದನಿ.

ಮೇಷ್ಟ್ರು ತಲೆ ತಗ್ಗಿಸಿದರು. ಹಾಸಿಗೆಯ ಪಕ್ಕ ನಿಂತವರು ಯಾವಾಗಲೋ ತಂಗಿಯ ಕೈ ಹಿಡಿದಿದ್ದರು. ಅಭ್ಯಾಸಬಲದಿಂದ ಬೆರಳು ಮತ್ತೆ ಅವಳ ಮಣಿಕಟ್ಟಿನ ನಾಡಿಯ ಮೇಲೇ ಇದ್ದವು. ಮೆಲ್ಲಗೆ ಬೆರಳು ಕೆಳಗೆ ಸರಿಸಿ ಅವಳ ಅಂಗೈ ಹಿಡಿದುಕೊಂಡರು.